ಖಡಕ್ ರೊಟ್ಟಿಯ ಡಬ್ಬಿ

ಮಗಳ ಹುಟ್ಟುಹಬ್ಬ ಬರುವುದು ಏಪ್ರಿಲ್‌ನಲ್ಲಿ. ವಿದ್ಯಾಗಿರಿಯ ಆ ಬಿಸಿಲಿಗೆ ಮಧ್ಯಾಹ್ನ ಓವನ್ ಹಚ್ಚಿದರೆ ಅಡುಗೆಮನೆಯಲ್ಲಿ ನಿಲ್ಲಲಾಗುವುದಿಲ್ಲ. ಅದಕ್ಕೇ ಎರಡು ವಾರ ಮೊದಲೇ, ಒಂದು ನಸುಕಿನಲ್ಲಿ ಕೇಕಿನ ಪದರುಗಳನ್ನು ಬೇಯಿಸಿಟ್ಟುಬಿಡುತ್ತೇನೆ.

ಮೊದಲ ವರ್ಷ ಎರಡು ದಿನದ ಮಟ್ಟಿಗೆಂದು ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿ ಇಟ್ಟಿದ್ದೆ. ಬಿಗಿಯಾಗಿ ಮುಚ್ಚಿದ್ದರೂ ಕೊಯ್ದಾಗ ಉದುರಿತು. ಬೆಣ್ಣೆ ತಂಪಿಗೆ ಬಿರುಸಾಗಿದ್ದರೆ ಹೊರಗಿಟ್ಟ ಮೇಲೆ ಸಡಿಲಾಗಬೇಕಿತ್ತು, ಆಗಲಿಲ್ಲ. ಬೇಯುವಾಗ ಹಿಟ್ಟಿನ ಪಿಷ್ಟ ನೀರು ಕುಡಿದು ಉಬ್ಬಿ ಮೆತ್ತಗಾಗಿರುತ್ತದೆ. ಆರಿದ ಮೇಲೆ ಅದು ಮತ್ತೆ ಒತ್ತಾಗಿ ಗಟ್ಟಿಕಟ್ಟುತ್ತ ಹೋಗುತ್ತದೆ, ಫ್ರಿಜ್ಜಿನ 4 ಡಿಗ್ರಿ ಸುಮಾರಿನ ತಂಪಿನಲ್ಲಂತೂ ಬೇಗ. ನಿನ್ನೆಯ ಅನ್ನ ಫ್ರಿಜ್ಜಿನಲ್ಲಿ ಬಿರುಸಾಗುವುದೂ ಹೀಗೆಯೇ. ಮೇಲಿನ ಫ್ರೀಜರಿನ ಮೈನಸ್ 18ರಲ್ಲಿ ಮಾತ್ರ ಈ ಕೆಲಸ ಹೆಚ್ಚುಕಡಿಮೆ ನಿಂತೇಹೋಗುತ್ತದೆ.

ಈಗ ಪದರು ಪೂರ್ತಿ ಆರಿದ ಮೇಲೆ, ಒಂದೊಂದನ್ನೂ ಬೇರೆಬೇರೆಯಾಗಿ ತೆಳು ಪ್ಲಾಸ್ಟಿಕ್ ಹಾಳೆಯಲ್ಲಿ ಎರಡು ಸುತ್ತು ಸುತ್ತಿ, ಮೇಲೆ ಫಾಯಿಲ್ ಹಾಕಿ, ಸಮತಟ್ಟಾದ ಜಾಗದಲ್ಲಿ ಇಡುತ್ತೇನೆ. ಬಿಸಿ ಇರುವಾಗಲೇ ಸುತ್ತಿದರೆ ಹಬೆ ಒಳಗೇ ನೀರಾಗಿ ಮೇಲ್ಮೈ ಅಂಟಂಟಾಗುತ್ತದೆ. ಗಾಳಿ ಉಳಿದರೆ ಒಳಗೆ ಮಂಜಿನ ಪುಡಿ ಕಾಣಿಸುತ್ತದೆ. ಅದು ಕೇಕಿನಿಂದ ಹೊರಬಿದ್ದ ನೀರು. ಅಂಚು ಒಣಗಿ ಬೆಳ್ಳಗಾಗಿದ್ದರೆ ಅಷ್ಟನ್ನು ಕೊಯ್ದು ತೆಗೆಯಬೇಕು. ಒಂದೆರಡು ತಿಂಗಳು ಚೆನ್ನಾಗಿರುತ್ತದೆ. ಪದೇಪದೇ ಕರೆಂಟು ಹೋಗುವ ಕಾಲದಲ್ಲಿ ಅಷ್ಟು ದಿನ ನಾನು ನಂಬುವುದಿಲ್ಲ.

ಹೊರತೆಗೆದಾಗ ಸುತ್ತಿದ್ದನ್ನು ಬಿಚ್ಚುವ ಆತುರ ಬೇಡ. ತಂಪು ವಸ್ತುವಿಗೆ ಗಾಳಿಯ ತೇವ ಹನಿಯಾಗಿ ಕೂರುತ್ತದೆ. ಅದು ಫಾಯಿಲ್ ಮೇಲೆ ಕೂರಲಿ, ಕೇಕಿನ ಮೇಲೆ ಬೇಡ. ಎರಡು ಮೂರು ತಾಸು ಹಾಗೇ ಬಿಡುತ್ತೇನೆ. ಕ್ರೀಮು ಸವರುವುದಿದ್ದರೆ ಇನ್ನೂ ಅರೆತಂಪಾಗಿರುವಾಗಲೇ ಬಿಚ್ಚುತ್ತೇನೆ. ಆಗ ಪುಡಿ ಏಳುವುದಿಲ್ಲ.

ಕುಕ್ಕಿಯನ್ನು ಬೇಯಿಸಿ ಇಡುವುದಕ್ಕಿಂತ ಹಿಟ್ಟನ್ನೇ ಇಡುವುದು ಒಳ್ಳೆಯದು. ನಿಂಬೆಹಣ್ಣಿಗಿಂತ ಸಣ್ಣ ಉಂಡೆ ಕಟ್ಟಿ, ತಟ್ಟೆಯಲ್ಲಿ ಬಿಡಿಬಿಡಿಯಾಗಿ ಗಟ್ಟಿಯಾಗಲು ಬಿಟ್ಟು, ಆಮೇಲೆ ಚೀಲಕ್ಕೆ ತುಂಬಬೇಕು. ಮೊದಲೇ ತುಂಬಿದರೆ ಎಲ್ಲ ಸೇರಿ ಒಂದೇ ಮುದ್ದೆಯಾಗುತ್ತದೆ. ಕರಗಿಸದೆ ನೇರ ಓವನ್ನಿಗಿಟ್ಟು, ಎರಡು ನಿಮಿಷ ಹೆಚ್ಚು ಬೇಯಿಸಿದರೆ ಸಾಕು.

ಬೆಂದ ಕುಕ್ಕಿಯನ್ನೂ ಉಳಿದ ಕೇಕನ್ನೂ ಒಮ್ಮೆ ಒಂದೇ ಡಬ್ಬಿಯಲ್ಲಿ ಇಡುತ್ತಿದ್ದೆ. ಅವ್ವ ತಡೆದಳು: "ಖಡಕ್ ರೊಟ್ಟಿ ಡಬ್ಬ್ಯಾಗ ಬಿಸಿ ರೊಟ್ಟಿ ಯಾರರ ಇಡ್ತಾರೇನ? ಎರಡೂ ಕೆಡ್ತಾವು." ಅವಳ ಮಾತು ಖರೆ. ಕೇಕಿನ ತೇವ ಕುಕ್ಕಿಗೆ ಹೋಗಿ, ಇದು ಮೆತ್ತಗಾಗುತ್ತದೆ, ಅದು ಒಣಗುತ್ತದೆ. ಏಪ್ರಿಲ್‌ನ ಒಣಗಾಳಿಗೆ ತೆರೆದಿಟ್ಟ ಕೇಕು ಮಧ್ಯಾಹ್ನದೊಳಗೆ ಒಣಗುತ್ತದೆ. ಮಳೆಗಾಲದ ತೇವಕ್ಕೆ ಕುಕ್ಕಿ ಮೆತ್ತಗಾಗುತ್ತದೆ. ಮೆತ್ತಗಾದದ್ದನ್ನು 150 ಡಿಗ್ರಿಯಲ್ಲಿ ಐದು ನಿಮಿಷ ಬಿಸಿಮಾಡುತ್ತೇನೆ. ಓವನ್ನಿಂದ ತೆಗೆದಾಗಲೂ ಮೆತ್ತಗೇ ಇರುತ್ತವೆ. ಜಾಲರಿಯ ಮೇಲೆ ಪೂರ್ತಿ ಆರಿದ ಮೇಲೆ ಒಂದನ್ನು ಮುರಿದು ನೋಡುತ್ತೇನೆ. ಟಕ್ಕೆಂದರೆ ಉಳಿದವು ಡಬ್ಬಿಗೆ.