ಇದ್ಯಾವ ಪಾರ್ಟು?

ತಾಯಲೂರಿಂದ ದೊಡ್ಡಮ್ಮ ವಾಟ್ಸಾಪಲ್ಲಿ ಒಂದು ಫೋಟೋ ಕಳಿಸಿದ್ರು. ನೀರು ತೊಟ್ಟಿಕ್ಕುತ್ತಿರೋ ಜಾಯಿಂಟು. ಕೆಳಗೆ ಒಂದೇ ಸಾಲು: "ಇದ್ಯಾವ ಪಾರ್ಟು ಮಗಾ?" ಮುಳಬಾಗಿಲಿಗೆ ಹೋಗಿ ಹೊಸದು ತರೋಕೆ ರೆಡಿ ಆಗಿದ್ರು.

ಬಿಳಿ ಪೈಪು, ಮಧ್ಯೆ ಕೈಯಲ್ಲಿ ತಿರುಗಿಸೋ ದಪ್ಪ ನಟ್ಟು. ನೀವು ಕಪ್ಲಿಂಗ್ ಅಂದಿರ್ತೀರ. ಕಪ್ಲಿಂಗಿಗೆ ನಟ್ಟಿರಲ್ಲ, ಒಂದ್ಸಲ ಅಂಟಿಸಿದ್ರೆ ಬಿಚ್ಚೋಕಾಗಲ್ಲ. ಇದು ಯೂನಿಯನ್. ಮೋಟಾರ್ ರಿಪೇರಿಗೆ ಬಂದಾಗ ಪೈಪ್ ಕುಯ್ಯದೆ ಬಿಚ್ಚಬಹುದು ಅಂತಾನೇ ಹಾಕಿರ್ತಾರೆ. ಪೈಪಿನ ಮೇಲಿನ ಅಕ್ಷರ ಜೂಮ್ ಮಾಡಿದೆ: ಯುಪಿವಿಸಿ, 1 ಇಂಚು. ಬರೀ ಯೂನಿಯನ್ ಅಂದ್ರೆ ಅಂಗಡಿಯವರು ಮೊದಲು ಕೇಳೋದೇ ಇವೆರಡನ್ನ.

ಕೇಳಿದ್ದು ಹೆಸರು ತಾನೆ, ಮೊದಲು ಅದನ್ನೇ ಕಳಿಸಿದೆ: "1 ಇಂಚಿನ ಯುಪಿವಿಸಿ ಯೂನಿಯನ್." ಆದ್ರೆ ಹನಿ ಬೀಳ್ತಿದ್ದಿದ್ದು ನಟ್ಟಿನ ಅಂಚಿಂದ, ಪೈಪ್ ಅಂಟಿಸಿದ ಕಡೆಯಿಂದಲ್ಲ. ಅಂಟಿಸಿದ ಕಡೆ ಆಗಿದ್ರೆ ಕುಯ್ದು ಹೊಸದು ಹಾಕಬೇಕಿತ್ತು. ಹಂಗಾಗಿ ಇನ್ನೊಂದು ಸಾಲು ಸೇರಿಸಿದೆ: "ಬಸ್ ಹತ್ತೋ ಮುಂಚೆ ಮೋಟಾರ್ ಆಫ್ ಮಾಡಿ, ವಾಲ್ವ್ ಮುಚ್ಚಿ, ನಟ್ಟು ಬಿಚ್ಚಿ ಒಳಗಿರೋ ರಬ್ಬರ್ ರಿಂಗ್ ನೋಡಿ."

ರಿಂಗು ಬಿರುಕು ಬಿಟ್ಟಿತ್ತು. ಅಂಗಡೀಲಿ ಅಳತೆ ಹಿಡಿದು ನೋಡೋಕೆ ದೊಡ್ಡಮ್ಮ ಅದನ್ನೇ ಪರ್ಸಲ್ಲಿ ಹಾಕ್ಕೊಂಡು ಹೋದ್ರು.