ಟಿಕ್ ಹೇಳೋದು ಫೋನಿನ ಸಮಾಚಾರ

ವಾಟ್ಸಾಪ್‌ನ ಟಿಕ್‌ಗಳನ್ನ ನಾವೆಲ್ಲ ಎದುರಿಗಿರುವವರ ಮುಖ ಓದಿದ ಹಾಗೆ ಓದ್ತೀವಿ. ಬೂದು ಬಣ್ಣದ್ದು ಒಂದೇ ಇದ್ದರೆ ‘ಬ್ಲಾಕ್ ಮಾಡಿಬಿಟ್ಟನಾ?’ ಅಂತ ಅನುಮಾನ. ಎರಡು ನೀಲಿಯಾಗಿಯೂ ಉತ್ತರ ಬರದಿದ್ದರೆ ‘ಎಷ್ಟು ಸೊಕ್ಕು ನೋಡು’ ಅಂತ ಸಿಟ್ಟು. ನಾನು ಟಿಕ್‌ಗಳ ಮೇಲೆ ಕಣ್ಣಿಡೋಕೆ ಕಾರಣ ಬೇರೆ. ತೀರ್ಥಹಳ್ಳಿ ಹತ್ತಿರದ ಮನೆಯಲ್ಲಿ ಅಮ್ಮ ಒಬ್ಬಳೇ ಇದ್ದಾಳೆ. ರಾತ್ರಿ ಊಟವಾದ ಮೇಲೆ ಅವಳು ಬಿಪಿ ಮಾತ್ರೆ ತಗೋಬೇಕು.

ಕಳೆದ ಮಳೆಗಾಲದ ಒಂದು ರಾತ್ರಿ 9:10ಕ್ಕೆ ‘ಅಮ್ಮ, ಮಾತ್ರೆ ತಗೊಂಡ್ಯಾ?’ ಅಂತ ಕಳಿಸಿದೆ. ಮೊದಲು ಪುಟ್ಟ ಗಡಿಯಾರ ಕಾಣಿಸಿತು. ಅಂದರೆ ಮೆಸೇಜ್ ಇನ್ನೂ ನನ್ನ ಫೋನ್ ಬಿಟ್ಟು ಹೊರಟಿಲ್ಲ. ಕ್ಷಣದಲ್ಲೇ ಅದು ಹೋಗಿ ಬೂದು ಟಿಕ್ ಒಂದು ಬಂತು. ಹತ್ತೂವರೆಗೂ ಒಂದೇ. ಹನ್ನೊಂದಕ್ಕೂ ಒಂದೇ.

ಒಂದು ಟಿಕ್ ಅಂದರೆ ಮೆಸೇಜ್ ವಾಟ್ಸಾಪ್‌ನ ಸರ್ವರ್ ತಲುಪಿದೆ, ಅಮ್ಮನ ಫೋನ್ ತಲುಪಿಲ್ಲ. ನನ್ನ ಕಡೆಯ ಇಂಟರ್ನೆಟ್ ಸರಿಯಿದೆ ಅನ್ನೋದು ಇಷ್ಟರಲ್ಲೇ ಗೊತ್ತಾಗುತ್ತೆ. ಆ ಕಡೆ ಏನಾಗಿದೆ ಅನ್ನೋದನ್ನ ಮಾತ್ರ ಅದು ಹೇಳಲ್ಲ. ಫೋನ್ ಆಫ್ ಆಗಿರಬಹುದು, ಡೇಟಾ ಇಲ್ಲದಿರಬಹುದು, ಟವರ್‌ಗೆ ಕರೆಂಟ್ ಹೋಗಿರಬಹುದು. ಬ್ಲಾಕ್ ಮಾಡಿದರೂ ಕಾಣೋದು ಇದೇ ಒಂದು ಟಿಕ್. ಅದನ್ನಷ್ಟೇ ನೋಡಿ ಇದು ಯಾವುದು ಅಂತ ಹೇಳೋಕಾಗಲ್ಲ. ತಲುಪದ ಮೆಸೇಜನ್ನು ಸರ್ವರ್ 30 ದಿನ ಇಟ್ಟುಕೊಂಡು, ಆಮೇಲೆ ಅಳಿಸಿಹಾಕುತ್ತೆ.

ಇಂಥ ಹೊತ್ತಲ್ಲಿ ಉಪಯೋಗಕ್ಕೆ ಬರೋದು ಮಾಮೂಲಿ ಫೋನ್ ಕರೆ. ಅದಕ್ಕೆ ಇಂಟರ್ನೆಟ್ ಡೇಟಾ ಆನ್ ಇರಬೇಕಿಲ್ಲ. ರಿಂಗ್ ಆದರೆ ಫೋನ್ ಜೀವಂತವಾಗಿದೆ, ಡೇಟಾ ಮಾತ್ರ ಇಲ್ಲ ಅಂತ ತಿಳೀಬಹುದು. ಆ ರಾತ್ರಿ ರಿಂಗ್ ಕೂಡ ಆಗಲಿಲ್ಲ. ಪಕ್ಕದ ಮನೆಯವರ ಲ್ಯಾಂಡ್‌ಲೈನ್‌ಗೆ ಮಾಡಿದೆ. ‘ಸಂಜೆಯಿಂದ ಯಾರ ಮೊಬೈಲೂ ಇಲ್ಲ ಕಣಮ್ಮ. ನಿಮ್ಮಮ್ಮ ಈಗಷ್ಟೇ ದೀಪ ಆರಿಸಿ ಮಲಗಿದ್ರು’ ಅಂದರು.

ಬೆಳಿಗ್ಗೆ ನೋಡಿದರೆ ಎರಡು ಬೂದು ಟಿಕ್. ಮೆಸೇಜನ್ನು ಒತ್ತಿ ಹಿಡಿದು Info ತೆರೆದೆ. ತಲುಪಿದ್ದು 6:40ಕ್ಕೆ, ಅಂದರೆ ಅವಳ ಫೋನ್ ನೆಟ್‌ವರ್ಕ್‌ಗೆ ಮರಳಿದ ಹೊತ್ತು. ಎರಡು ಬೂದು ಟಿಕ್‌ಗೆ ಇಷ್ಟೇ ಅರ್ಥ: ಸಾಧನಕ್ಕೆ ತಲುಪಿದೆ. ವಾಟ್ಸಾಪನ್ನು ಲ್ಯಾಪ್‌ಟಾಪ್‌ಗೂ ಜೋಡಿಸಿಕೊಂಡವರಿಗೆ ಫೋನ್ ಆಫ್ ಆಗಿದ್ದಾಗಲೂ ಎರಡು ಟಿಕ್ ಬರಬಹುದು, ಯಾಕಂದ್ರೆ ಲ್ಯಾಪ್‌ಟಾಪ್‌ಗೆ ತಲುಪಿದರೂ ಸಾಕು.

ಏಳು ಗಂಟೆಗೆ ಅಮ್ಮನೇ ಫೋನ್ ಮಾಡಿದಳು. ‘ನಿನ್ ಮೆಸೇಜ್ ಮೇಲ್ಗಡೆ ಬಂತಲ್ಲ, ಓದ್ದೆ ಕಣೇ. ರಾತ್ರೀನೇ ತಗೊಂಡಿದೀನಿ.’ ಟಿಕ್ ಮಾತ್ರ ಇನ್ನೂ ಬೂದು. ನೋಟಿಫಿಕೇಶನ್‌ನಲ್ಲೇ ಓದಿದರೆ ಅದು ನೀಲಿ ಆಗಲ್ಲ, ಚಾಟ್ ತೆರೆಯಬೇಕು. ಇನ್ನು ಇಬ್ಬರಲ್ಲಿ ಒಬ್ಬರು Settings, Privacyಗೆ ಹೋಗಿ Read receipts ಆಫ್ ಮಾಡಿದ್ದರೂ, ಇಬ್ಬರ ನಡುವಿನ ಚಾಟ್‌ನಲ್ಲಿ ನೀಲಿ ಕಾಣಿಸಲ್ಲ. ಗುಂಪುಗಳಿಗೆ ಈ ಆಯ್ಕೆ ಅನ್ವಯಿಸಲ್ಲ. ಅಲ್ಲಿ ಎಲ್ಲರೂ ತೆರೆದ ಮೇಲೆಯೇ ಟಿಕ್ ನೀಲಿಯಾಗೋದು. ಹಾಗಾಗಿ ಐವತ್ತು ಜನರ ಫ್ಯಾಮಿಲಿ ಗ್ರೂಪಿನಲ್ಲಿ ಬೂದು ನೋಡಿ ಯಾರೂ ಓದಿಲ್ಲ ಅಂದುಕೋಬೇಡಿ.

8:15ಕ್ಕೆ ನೀಲಿ ಆಯಿತು. ಅಮ್ಮನ ಕೈಯಿಂದಲ್ಲ. ಪಕ್ಕದ ಮನೆ ಹುಡುಗ ಶಾಲೆಗೆ ಹೊರಡೋ ಮುಂಚೆ ಅವಳ ಫೋನಲ್ಲಿ ಫೋಟೋ ನೋಡ್ತಾ ನಮ್ಮ ಚಾಟ್ ತೆರೆದಿದ್ದನಂತೆ. ಒಂದೇ ಬೆಳಿಗ್ಗೆ, ಒಂದೇ ಮೆಸೇಜು: ಓದಿದವಳಿಗೆ ಬೂದು, ಓದದ ಹುಡುಗನಿಗೆ ನೀಲಿ! ನೀಲಿ ಹೇಳೋದು ಆ ಚಾಟ್ ಪರದೆಯ ಮೇಲೆ ತೆರೆಯಿತು ಅಂತ ಮಾತ್ರ. ಯಾರು ತೆರೆದರು, ಓದಿದರಾ, ಅರ್ಥವಾಯಿತಾ ಅನ್ನೋದು ಅದಕ್ಕೆ ಗೊತ್ತಿಲ್ಲ. ಮಾತ್ರೆ ನುಂಗಿದ ಸಮಾಚಾರವಂತೂ ಮೊದಲೇ ಇಲ್ಲ.

ಈಗ ರಾತ್ರಿ ಒಂಬತ್ತಕ್ಕೆ ವಾಯ್ಸ್ ಮೆಸೇಜ್ ಕಳಿಸ್ತೀನಿ. ಅದರ ಪಕ್ಕದ ಪುಟ್ಟ ಮೈಕ್ ನೀಲಿಯಾಗೋದು ಪ್ಲೇ ಮಾಡಿದಾಗ. Read receipts ಆಫ್ ಇದ್ದರೂ ಅದು ಕಾಣಿಸುತ್ತೆ. ಅಮ್ಮ ಕೇಳಿಸಿಕೊಂಡು ‘ಹ್ಞೂಂ, ತಗೊಂಡೆ’ ಅಂತ ತಿರುಗಿ ಎರಡು ಸೆಕೆಂಡಿನ ವಾಯ್ಸ್ ಕಳಿಸ್ತಾಳೆ. ಅದು ಬರೋವರೆಗೆ ಟಿಕ್ ಯಾವ ಬಣ್ಣದ್ದಾದರೂ ನನ್ನ ಲೆಕ್ಕದಲ್ಲಿ ಉತ್ತರ ಬಂದಿಲ್ಲ. ಹತ್ತು ಗಂಟೆ ದಾಟಿದರೆ ಕರೆ ಮಾಡ್ತೀನಿ. ಅದೂ ಹೋಗದಿದ್ದರೆ ಪಕ್ಕದ ಮನೆಯ ಲ್ಯಾಂಡ್‌ಲೈನ್ ಇದ್ದೇ ಇದೆ.