ಅರ್ಧ ವರ್ಷದ ಗೆರೆ

ಧಾರವಾಡದ ಹತ್ತಿರದ ಒಂದು ಊರಿನ ಹಳೆಯ ಶಾಲೆಗೆ ನಾನು ಮೊದಲು ಹೋದದ್ದು ನವೆಂಬರಿನಲ್ಲಿ. ಸಿವಿಲ್ ಎಂಜಿನಿಯರಿಂಗಿನ ಕೊನೆಯ ವರ್ಷದ ಪ್ರಾಜೆಕ್ಟಿಗೆ ಒಂದು ಬಿರುಕು ಬೇಕಾಗಿತ್ತು, ಆ ಶಾಲೆಯಲ್ಲಿ ಅದು ಧಾರಾಳವಾಗಿತ್ತು. ಕಲ್ಲಿನ ಪಾಯ, ಸುಣ್ಣದ ಗಾರೆಯಲ್ಲಿ ಕಟ್ಟಿದ ಒಂದೂವರೆ ಅಡಿ ದಪ್ಪದ ಇಟ್ಟಿಗೆ ಗೋಡೆ, ಮೇಲೆ ಮಂಗಳೂರು ಹೆಂಚು. ಪಶ್ಚಿಮದ ಕೋಣೆಯ ಮೂಲೆಯಲ್ಲಿ ಕಿಟಕಿಯ ಮೇಲಿಂದ ಸೂರಿನವರೆಗೆ ಮೆಟ್ಟಿಲು ಮೆಟ್ಟಿಲಾಗಿ ಹತ್ತಿದ ಬಿರುಕು. ತುದಿಯಲ್ಲಿ ಅದರ ಅಗಲ ಒಂಬತ್ತು ಮಿಲಿಮೀಟರ್. ಐದನೇ ತರಗತಿಯ ಮಕ್ಕಳು ಅದರೊಳಗೆ ಪೆನ್ಸಿಲ್ ತೂರಿಸಿ ಆಡುತ್ತಿದ್ದರು.

"ಕೆಡವಬೇಕು ಅಂತಾರೆ, ಕೆಡವಿದರೆ ಕಟ್ಟಿಕೊಡೋರು ಯಾರು? ಮಕ್ಕಳು ಬೇರೆ ಊರಿಗೆ ನಡೀಬೇಕಾಗ್ತದೆ. ನೀವು ಅಳದು ಹೇಳ್ರಿ, ಇದು ಬೆಳೀತದೋ ಇಲ್ಲೋ," ಎಂದರು ಹೆಡ್ ಟೀಚರ್.

ಕೇಳಲು ಸುಲಭವಾದ ಪ್ರಶ್ನೆ. ಬಿರುಕು ಎಷ್ಟು ಅಗಲ ಎಂಬುದನ್ನು ಸ್ಕೇಲ್ ಹಿಡಿದು ಯಾರು ಬೇಕಾದರೂ ಹೇಳಬಹುದು. ಆದರೆ ಆ ಅಗಲ ಆಗಿಹೋದದ್ದರ ಲೆಕ್ಕ, ಎಪ್ಪತ್ತು ವರ್ಷದ ಹಿಂದೆ ಆದದ್ದೂ ಇರಬಹುದು. ಈಗ ಅದು ಚಲಿಸುತ್ತಿದೆಯೇ, ಯಾವ ದಿಕ್ಕಿಗೆ, ಎಷ್ಟು ವೇಗದಲ್ಲಿ ಎಂಬುದು ಬೇರೆಯದೇ ಪ್ರಶ್ನೆ. ಆ ಚಲನೆ ಕೂದಲೆಳೆಯ ದಪ್ಪಕ್ಕಿಂತ ಕಡಿಮೆ ಇರಬಹುದು.

ಹಿಂದಿನವರು ಬಿರುಕಿನ ಮೇಲೆ ಗಾಜಿನ ಚೂರನ್ನು ಅಂಟಿಸಿ ಬಿಡುತ್ತಿದ್ದರು. ಗಾಜು ಒಡೆದರೆ ಗೋಡೆ ಸರಿದಿದೆ ಎಂದರ್ಥ. ಎಷ್ಟು ಸರಿಯಿತು, ಸರಿದದ್ದು ಹಿಂದಕ್ಕೆ ಬಂತೇ ಎಂಬುದನ್ನು ಗಾಜು ಹೇಳುವುದಿಲ್ಲ. ಅಂಟು ಬಿಟ್ಟುಕೊಂಡರೆ ಒಡೆಯುವುದೂ ಇಲ್ಲ. ನಾನು ಮಾಡಿದ್ದು ಅದಕ್ಕಿಂತ ಸ್ವಲ್ಪ ಮೇಲಿನ ಕೆಲಸ. ಬಿರುಕಿನ ಆಚೆ ಈಚೆ ಇಟ್ಟಿಗೆಯಲ್ಲಿ ರಂಧ್ರ ಕೊರೆದು, ತುಕ್ಕು ಹಿಡಿಯದ ಸ್ಕ್ರೂಗಳನ್ನು ಎಪಾಕ್ಸಿಯಲ್ಲಿ ಕೂರಿಸಿದೆ. ಒಂದು ಬದಿಗೆ ಎರಡು, ಇನ್ನೊಂದು ಬದಿಗೆ ಒಂದು, ತ್ರಿಕೋನದ ಹಾಗೆ. ತ್ರಿಕೋನವೇ ಏಕೆಂದರೆ, ಎರಡೇ ಸ್ಕ್ರೂ ಇದ್ದರೆ ಬಿರುಕು ತೆರೆದದ್ದು ಮಾತ್ರ ಗೊತ್ತಾಗುತ್ತದೆ. ಮೂರಿದ್ದರೆ ಒಂದು ಬದಿ ಕೆಳಗೆ ಜಾರಿದ್ದೂ ಗೊತ್ತಾಗುತ್ತದೆ. ಎಪಾಕ್ಸಿ ಪೂರ್ತಿ ಗಟ್ಟಿಯಾಗಲಿ ಎಂದು ಒಂದು ದಿನ ಬಿಟ್ಟು, ಡಿಜಿಟಲ್ ಕ್ಯಾಲಿಪರಿನಲ್ಲಿ ಮೊದಲ ಅಳತೆ ತೆಗೆದೆ. ಒಂದೇ ಜಾಗವನ್ನು ಹತ್ತು ಸಲ ಅಳೆದು ನೋಡಿದೆ. ಉತ್ತರ 0.04 ಮಿಲಿಮೀಟರ್ ಆಚೀಚೆ ಆಗುತ್ತಿತ್ತು. ಅದು ಗೋಡೆಯದಲ್ಲ, ನನ್ನ ಕೈಯ ನಡುಕ. ಅದಕ್ಕಿಂತ ಚಿಕ್ಕದನ್ನು ನಂಬಬಾರದು ಎಂದು ನೋಟುಬುಕ್ಕಿನ ಮೊದಲ ಪುಟದಲ್ಲೇ ಬರೆದುಕೊಂಡೆ.

ಕಾಲೇಜಿನವರು ಸೆನ್ಸರ್ ಇಲ್ಲದ ಪ್ರಾಜೆಕ್ಟನ್ನು ಒಪ್ಪುವುದಿಲ್ಲ. ಹಾಗಾಗಿ ಅದೇ ಬಿರುಕಿಗೆ ಅಡ್ಡಲಾಗಿ ಸರಳರೇಖೆಯಲ್ಲಿ ಜಾರುವ ಒಂದು ಪೊಟೆನ್ಷಿಯೋಮೀಟರ್ ಕೂರಿಸಿ ಆರ್ಡುಯಿನೊಗೆ ಜೋಡಿಸಿದೆ. ಅದರ ಓಟ ಹತ್ತು ಮಿಲಿಮೀಟರ್. ಆರ್ಡುಯಿನೊ ಅದನ್ನು 1024 ಭಾಗ ಮಾಡಿ ಓದುತ್ತದೆ, ಅಂದರೆ ಒಂದು ಭಾಗ ಸುಮಾರು 0.01 ಮಿಲಿಮೀಟರ್. ಪಕ್ಕದಲ್ಲಿ ಉಷ್ಣಾಂಶದ ಸೆನ್ಸರ್. ನಮ್ಮ ಗೈಡ್ ಇನ್ನೊಂದು ಮಾತು ಹೇಳಿದ್ದರು: ಬಿರುಕೇ ಇಲ್ಲದ ಗಟ್ಟಿ ಗೋಡೆಯ ಮೇಲೂ ಅಂಥದ್ದೇ ಒಂದು ಗೇಜ್ ಹಾಕು. ವ್ಯರ್ಥ ಖರ್ಚು ಅನ್ನಿಸಿತ್ತು. ಒಂದು ವಾರದ ಓದನ್ನು ಗೆರೆ ಎಳೆದಾಗ ಅರ್ಥವಾಯಿತು. ಬಿರುಕಿನ ಗೇಜ್ ದಿನವೂ 0.08ರಷ್ಟು ಏರಿಳಿಯುತ್ತಿತ್ತು. ಗಟ್ಟಿ ಗೋಡೆಯ ಗೇಜ್ ಕೂಡ 0.02ರಷ್ಟು ಏರಿಳಿಯುತ್ತಿತ್ತು. ಅಲ್ಲಿ ಸರಿಯುವುದಕ್ಕೆ ಏನೂ ಇರಲಿಲ್ಲ, ಬಿಸಿಲಿಗೆ ಹಿಗ್ಗಿದ್ದು ಗೇಜಿನ ಅಲ್ಯುಮಿನಿಯಂ ಪಟ್ಟಿ. ಅದನ್ನು ಕಳೆದ ಮೇಲೆ ಉಳಿದ 0.06 ಗೋಡೆಯ ದಿನಚರಿ: ಮಧ್ಯಾಹ್ನ ಇಟ್ಟಿಗೆ ಹಿಗ್ಗಿ ಬಿರುಕು ಕಿರಿದಾಗುತ್ತದೆ, ಬೆಳಗಿನ ಜಾವ ಅಗಲವಾಗುತ್ತದೆ. ಹಾಗಾಗಿ ಕ್ಯಾಲಿಪರ್ ಅಳತೆಯನ್ನು ಪ್ರತಿ ಭಾನುವಾರ ಬೆಳಿಗ್ಗೆ ಆರೂವರೆಗೇ ತೆಗೆಯುವುದೆಂದು ನಿಶ್ಚಯಿಸಿದೆ.

ವಾಲುವಿಕೆಗೆ ಫೋನಿನಲ್ಲಿ ಇರುವಂಥ ಅಗ್ಗದ ಆಕ್ಸೆಲರೋಮೀಟರ್ ತಂದು ಗೋಡೆಗೆ ಅಂಟಿಸಿದೆ. ಮೊದಲ ದಿನವೇ ಅದು ಗಾಬರಿ ಹುಟ್ಟಿಸಿತು. ಬೆಳಗಿನಿಂದ ಮಧ್ಯಾಹ್ನಕ್ಕೆ ಗೋಡೆ 0.3 ಡಿಗ್ರಿ ವಾಲಿ ಸಂಜೆಗೆ ಮತ್ತೆ ನೆಟ್ಟಗಾಯಿತಂತೆ. ಐದು ಮೀಟರ್ ಎತ್ತರದ ಗೋಡೆ 0.3 ಡಿಗ್ರಿ ವಾಲಿದರೆ ಅದರ ತಲೆ 26 ಮಿಲಿಮೀಟರ್ ಹೊರಗೆ ಬರಬೇಕು. ದಿನವೂ ಅಷ್ಟು ತೂಗಾಡುವ ಗೋಡೆ ವಾರ ಕೂಡ ನಿಲ್ಲುವುದಿಲ್ಲ. ವಾಲುತ್ತಿದ್ದದ್ದು ಗೋಡೆಯಲ್ಲ, ಬಿಸಿಯಾದಾಗ ತನ್ನ ಸೊನ್ನೆಯನ್ನೇ ಮರೆಯುವ ಚಿಪ್ಪು. ಅದನ್ನು ಕಿತ್ತು, ಗೌಂಡಿಗಳ ತೂಗುಗುಂಡನ್ನು ತೂಗುಹಾಕಿದೆ. ಸೂರಿನ ಕೆಳಗೆ ಗೋಡೆಗೆ ಹೊಡೆದ ಕಬ್ಬಿಣದ ಕೊಕ್ಕೆ, ಸಣ್ಣ ಉಕ್ಕಿನ ತಂತಿ, ಕೆಳಗೆ ಗುಂಡು. ಗಾಳಿಗೆ ಆಡದಿರಲೆಂದು ಗುಂಡು ಹಳೆಯ ಎಂಜಿನ್ ಆಯಿಲಿನ ಬಕೆಟ್ಟಿನಲ್ಲಿ ಮುಳುಗಿರುತ್ತಿತ್ತು. ಗೋಡೆಯ ಬುಡದಲ್ಲಿ ಕೂರಿಸಿದ ಹಿತ್ತಾಳೆ ತಗಡಿನಿಂದ ತಂತಿಗೆ ಎಷ್ಟು ದೂರ ಎಂದು ಉಕ್ಕಿನ ಸ್ಕೇಲಿನಲ್ಲಿ ನೋಡುವುದು. ಅರ್ಧ ಮಿಲಿಮೀಟರ್‌ವರೆಗೆ ನಂಬಬಹುದು. ಪೀಸಾದ ಗೋಪುರದೊಳಗೂ 1934ರಲ್ಲಿ ಲೋಲಕವನ್ನೇ ತೂಗುಹಾಕಿದ್ದರು ಎಂದು ಓದಿ ಸಮಾಧಾನಪಟ್ಟೆ.

ಮಾರ್ಚಿನ ಮೊದಲ ವಾರ ಶಾಲೆಯ ಸಿಪಾಯಿ ಕಾಕಾ ನನ್ನನ್ನು ಪೂರ್ವದ ಕೋಣೆಗೆ ಕರೆದೊಯ್ದರು. "ತಂಗಿ, ಈ ಬಾಗಲಾ ಮಳಿಗಾಲದಾಗ ಬಿಗಿ ಆಗತಿತ್ತು, ಕಟಗಿ ಉಬ್ಬತದ, ಅದು ಖರೇ. ಈಗ ಬ್ಯಾಸಗಿ ಬಂದರೂ ಹಾಕ್ಕೊಳ್ಳವಲ್ದು ನೋಡು." ಬಾಗಿಲ ಮೇಲಿನ ಮೂಲೆಯಲ್ಲಿ ಒಂದು ಮಿಲಿಮೀಟರ್ ಕೂಡ ಇಲ್ಲದ, ಸುಣ್ಣ ಬಳಿದರೆ ಮುಚ್ಚಿಹೋಗುವಂಥ ಬಿರುಕು. ಅವರ ಮಾತಿಗಾಗಿಯೇ ಅದರ ಮೇಲೆ ಸ್ಕ್ರೂ ಹಾಕಿದೆ: ನೆಲದಿಂದ ನಾಲ್ಕು ಮೀಟರ್ ಎತ್ತರದಲ್ಲಿ ಒಂದು ಗುಂಪು, ಒಂದು ಮೀಟರಿನಲ್ಲಿ ಇನ್ನೊಂದು. ಆ ಮೂಲೆಗೂ ಒಂದು ತೂಗುಗುಂಡು ಇಳಿಬಿಟ್ಟೆ. ಸೆನ್ಸರ್ ಹಾಕಲಿಲ್ಲ, ಇದ್ದದ್ದೆಲ್ಲ ದೊಡ್ಡ ಬಿರುಕಿಗೆ ಖರ್ಚಾಗಿತ್ತು.

ಮೇ ಕೊನೆಗೆ ಎಸ್‌ಡಿಎಂಸಿ ಸಭೆಯಲ್ಲಿ ನನ್ನನ್ನು ಕೇಳಿದರು. ನನ್ನ ಬಳಿ ಇದ್ದದ್ದು ಆರು ತಿಂಗಳ ಗೆರೆ. ದೊಡ್ಡ ಬಿರುಕು ನವೆಂಬರಿನಿಂದ ಒಂದು ವಾರವೂ ಬಿಡದೆ ಮೇಲೇರಿತ್ತು, ಒಟ್ಟು 1.1 ಮಿಲಿಮೀಟರ್. ಕಾಗದವನ್ನು ಎತ್ತಿ ತೋರಿಸಿದೆ. "ಇನ್ನೂ ಪೂರ್ತಿಯಾಗಿಲ್ಲ" ಎಂದು ಬಾಯಲ್ಲಿ ಹೇಳಿದೆ, ಆದರೆ ಗೆರೆ ನನಗಿಂತ ಗಟ್ಟಿಯಾಗಿ ಮಾತಾಡಿತು. ಜೂನಿನಲ್ಲಿ ಶಾಲೆ ಶುರುವಾದಾಗ ಪಶ್ಚಿಮದ ಕೋಣೆಗೆ ಬೀಗ ಹಾಕಿ ಐದನೇ ತರಗತಿಯ 31 ಮಕ್ಕಳನ್ನು ಪೂರ್ವದ ಕೋಣೆಗೆ ಕೂರಿಸಿದರು.

ನಮ್ಮದು ಎರೆಮಣ್ಣಿನ ನೆಲ. ಬೇಸಿಗೆಯಲ್ಲಿ ಅದು ಕುಗ್ಗಿ, ಹೊಲದಲ್ಲಿ ಕೈ ಹೋಗುವಷ್ಟು ಬಾಯಿ ಬಿಡುತ್ತದೆ. ಕಟ್ಟಡದ ಅಂಚಿನ ಮಣ್ಣು ನಡುವಿನದಕ್ಕಿಂತ ಮೊದಲು ಒಣಗುತ್ತದೆ. ಹಾಗಾಗಿ ಮೂಲೆಗಳು ತುಸು ಕುಸಿದು ಬಿರುಕು ತೆರೆಯುತ್ತದೆ. ಮಳೆ ಬಿದ್ದು ಮಣ್ಣು ಉಬ್ಬಿದಾಗ ಮೂಲೆ ಮೇಲೇಳುತ್ತದೆ, ಬಿರುಕು ಮುಚ್ಚಿಕೊಳ್ಳುತ್ತದೆ. ಇದು ನನಗೆ ಪರೀಕ್ಷೆಗೆ ಓದಿ ಗೊತ್ತಿತ್ತು, ಅಜ್ಜನ ಹೊಲದಲ್ಲಿ ನೋಡಿ ಗೊತ್ತಿತ್ತು. ಆದರೂ ನನ್ನ ಗೆರೆ ಒಂದು ಅಲೆಯ ಏರುವ ಅರ್ಧ ಮಾತ್ರ ಎಂದು ಆ ಸಭೆಯಲ್ಲಿ ಹೊಳೆಯಲಿಲ್ಲ. ಜುಲೈಯಲ್ಲಿ ದೊಡ್ಡ ಬಿರುಕು ಇಳಿಯತೊಡಗಿತು. ಸೆಪ್ಟೆಂಬರಿಗೆ 0.4ಕ್ಕೆ ಬಂತು. ಮುಂದೆ ನವೆಂಬರಿನಲ್ಲಿ ಅದು 0.06ಕ್ಕೆ ಬಂದು ನಿಂತಿತು. ನನ್ನ ಕೈಯ ನಡುಕವನ್ನು ಲೆಕ್ಕಕ್ಕೆ ಹಿಡಿದರೆ, ಹೊರಟಲ್ಲಿಗೇ ಬಂದಂತೆ.

ಸಣ್ಣ ಬಿರುಕು ಹಾಗೆ ಮಾಡಲಿಲ್ಲ. ಮಾರ್ಚಿನಿಂದ ಏಪ್ರಿಲ್ ಹತ್ತರವರೆಗೆ ಅದರ ಮೇಲಿನ ಸ್ಕ್ರೂಗಳು 0.3ರಷ್ಟು ದೂರವಾದವು. ಏಪ್ರಿಲ್, ಮೇ ತಿಂಗಳಲ್ಲಿ, ಊರಿನ ಗೋಡೆಗಳೆಲ್ಲ ಬಾಯಿ ಬಿಡುವ ಹೊತ್ತಿನಲ್ಲಿ, ಅದು ಸುಮ್ಮನಿತ್ತು. ಜೂನಿನಿಂದ ಮತ್ತೆ ಹೊರಟಿತು, ಎಲ್ಲವೂ ಮುಚ್ಚಿಕೊಳ್ಳಬೇಕಾದ ಮಳೆಗಾಲದಲ್ಲಿ. ಸೆಪ್ಟೆಂಬರಿನ ಮೊದಲ ಭಾನುವಾರ ಮೇಲೆ 1.3, ಕೆಳಗೆ 0.1.

ಆ ಎರಡು ಸಂಖ್ಯೆಗಳನ್ನು ಶಾಲೆಯ ಕಟ್ಟೆಯ ಮೇಲೆ ಕೂತು ನೋಡಿದೆ. ಮೇಲೆ ಹೆಚ್ಚು, ಕೆಳಗೆ ಕಡಿಮೆ ತೆರೆದಿದ್ದರೆ ಮೂಲೆ ಹೊರಗಡೆಗೆ ತಿರುಗುತ್ತಿದೆ ಎಂದರ್ಥ. ವ್ಯತ್ಯಾಸ 1.2, ನಡುವಿನ ಎತ್ತರ ಮೂರು ಮೀಟರ್, ಅಂದರೆ ಮೀಟರಿಗೆ 0.4 ಮಿಲಿಮೀಟರ್ ವಾಲಿಕೆ. ಅದು ನಿಜವಾದರೆ ಐದು ಮೀಟರಿನ ತೂಗುಗುಂಡು ಎರಡು ಮಿಲಿಮೀಟರ್ ಸರಿದಿರಬೇಕು. ಎದ್ದು ಹೋಗಿ ಅಳೆದೆ. ಎರಡಕ್ಕಿಂತ ಒಂದು ಕೂದಲು ಹೆಚ್ಚು. ಕ್ಯಾಲಿಪರಿನ ತಪ್ಪು ಬೇರೆ, ತೂಗುಗುಂಡಿನ ತಪ್ಪು ಬೇರೆ. ಎರಡೂ ಒಂದೇ ಸುಳ್ಳನ್ನು ಹೇಳುವ ಕಾರಣವಿರಲಿಲ್ಲ.

ಸೋಮವಾರ ಬೆಳಿಗ್ಗೆ ಹೆಡ್ ಟೀಚರಿಗೆ ನೋಟುಬುಕ್ ತೋರಿಸಿ, "ಟೀಚರ್, ನಾನು ಮೇ ತಿಂಗಳಲ್ಲಿ ತೋರಿಸಿದ್ದು ಅರ್ಧ. ಮಕ್ಕಳು ಕೂತಿರೋ ಕೋಣೆನೇ ಸರೀತಾ ಇದೆ," ಎಂದೆ. ಅವರು ನನ್ನನ್ನು ಬೈಯಲಿಲ್ಲ. ಎದ್ದು ಹೋಗಿ, ಪಾಠ ನಡೆಯುತ್ತಿದ್ದ ಹಾಗೆಯೇ ಮಕ್ಕಳನ್ನು ಪಡಸಾಲೆಗೆ ಕರೆತಂದರು. ಮಕ್ಕಳು ಖುಷಿಯಲ್ಲಿ ಚೀಲ ಹೊತ್ತು ಓಡಿಬಂದರು.

ಗೇಜುಗಳು ಗೋಡೆ ಸರಿಯುತ್ತಿದೆ ಎನ್ನುತ್ತವೆ, ಏಕೆ ಎನ್ನುವುದಿಲ್ಲ. ಆದರೆ ಏಪ್ರಿಲ್, ಮೇ ತಿಂಗಳ ಆ ಸಪಾಟು ಗೆರೆ ನನ್ನನ್ನು ಕಾಡುತ್ತಿತ್ತು. ನಾನು ಹವಾಮಾನದಲ್ಲಿ ಕಾರಣ ಹುಡುಕುತ್ತಿದ್ದೆ. ಗೆರೆಯ ಮೇಲೆ ಬೆರಳಿಟ್ಟವರು ಕಾಕಾ. "ಇದು ಸೂಟಿ ಅಲ್ಲೇನು? ಏಪ್ರಿಲ್ ಹತ್ತಕ್ಕ ಸಾಲಿ ಮುಗೀತು." ರಜೆಯಲ್ಲಿ ನಿಂತು, ಶಾಲೆ ತೆರೆದೊಡನೆ ಶುರುವಾಗುವ ಬಿರುಕು! ಆ ಮೂಲೆಯ ಹೊರಗೆ ನಲ್ಲಿಗಳ ಸಾಲಿದೆ, ಬಿಸಿಯೂಟದ ನಂತರ ಮಕ್ಕಳೆಲ್ಲ ಅಲ್ಲಿ ತಟ್ಟೆ ತೊಳೆಯುತ್ತಾರೆ. ಅಗೆಸಿದಾಗ, ನೀರು ಹೋಗುವ ಪೈಪಿನ ತಿರುವು ಪಾಯದ ಪಕ್ಕದಲ್ಲೇ ಒಡೆದಿತ್ತು. ನೀರು ಗಟಾರಕ್ಕೆ ಹೋಗದೆ ಪಾಯದಡಿ ಇಳಿದು, ಮಣ್ಣು ಕಡೆದ ಹಿಟ್ಟಿನಂತೆ ಮೆತ್ತಗಾಗಿತ್ತು.

ಪೈಪನ್ನು ಪಾಯದಿಂದ ದೂರಕ್ಕೆ ಹಾಕಿಸಿದರು. ಮುಂದಿನ ಮಾರ್ಚಿನವರೆಗೆ ಸಣ್ಣ ಬಿರುಕು 0.05 ಮಾತ್ರ ಹೆಚ್ಚಿತು. ಹಿಂದಕ್ಕೆ ಬರಲಿಲ್ಲ, ಬರುವುದೂ ಇಲ್ಲ. ಕುಸಿದ ಮಣ್ಣು ಎರೆಮಣ್ಣಿನ ಹಾಗೆ ಉಸಿರಾಡುವುದಿಲ್ಲ. ಇನ್ನೊಂದು ಮಳೆಗಾಲ ನೋಡಿದ ಮೇಲೆಯೇ ಅದಕ್ಕೆ ಸುಣ್ಣದ ಗಾರೆ ತುಂಬಿ ಕೋಣೆಯನ್ನು ತೆರೆದರು. ಅಷ್ಟರಲ್ಲಿ ಐದನೇ ತರಗತಿ ಪಶ್ಚಿಮದ ಕೋಣೆಗೆ, ಒಂಬತ್ತು ಮಿಲಿಮೀಟರಿನ ಬಿರುಕಿನ ಪಕ್ಕಕ್ಕೆ ಮರಳಿತ್ತು. ಅಳತೆ ಈಗಲೂ ನಡೆದಿದೆ.

ನನ್ನ ಪ್ರಾಜೆಕ್ಟಿಗೆ ಒಳ್ಳೆಯ ಅಂಕ ಬಂತು. ವರದಿಯಲ್ಲಿ ಆ ಮೇ ತಿಂಗಳ ಗ್ರಾಫನ್ನೂ ಹಾಕಿದ್ದೇನೆ, ನೇರವಾಗಿ ಮೇಲೇರುವ ಆರು ತಿಂಗಳ ಗೆರೆ. ಅದರ ಕೆಳಗೆ ಆ ಕೋಣೆಯಲ್ಲಿ ಮಕ್ಕಳು ಎಷ್ಟು ದಿನ ಕೂತಿದ್ದರು ಎಂಬ ಸಂಖ್ಯೆಯನ್ನು ಬರೆದು, ಆಮೇಲೆ ಅಳಿಸಿದೆ. ನೋಟುಬುಕ್ಕಿನಲ್ಲಿ ಅದು ಹಾಗೆಯೇ ಇದೆ.